ಏಳು ದಿನ, ಒಂದು ಗೆಸ್ಟ್ ಹೌಸ್, ಒಂದು ಮನೆ: ಹುಬ್ಬಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ವರ್ಗವಾದವರ ಮನೆ ಹುಡುಕಾಟ

ಹೋದ ಸಂಚಿಕೆ ಆದ್ಮೇಲೆ ತುಂಬಾ ಜನ ಕೇಳಿದ ಪ್ರಶ್ನೆ ಒಂದೇ: "ಬ್ರೋ, ಬೆಂಗಳೂರಿಗೆ ಟ್ರಾನ್ಸ್‌ಫರ್ ಆಗಿದೆ, ಒಂದು ವಾರ ಟೈಮ್ ಇದೆ, ಯಾವ ಏರಿಯಾದಲ್ಲಿ ಮನೆ ನೋಡ್ಲಿ?" ಇದಕ್ಕೆ ಒಂದು ಸಾಲಿನ ಉತ್ತರ ನನ್ನ ಹತ್ರ ಇಲ್ಲ. ಆದರೆ ಒಂದು ಕಥೆ ಇದೆ. ನಮ್ಮ ದೊಡ್ಡಮ್ಮನ ಮಗ, ಅಣ್ಣ, ಹುಬ್ಬಳ್ಳಿಯಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದ. ಅವನನ್ನ ಎಲೆಕ್ಟ್ರಾನಿಕ್ ಸಿಟಿ ಫೇಸ್ ಒಂದಕ್ಕೆ ಹಾಕಿದರು. ಕಂಪನಿ ಕೊಟ್ಟಿದ್ದು ಏಳು ರಾತ್ರಿ ಗೆಸ್ಟ್ ಹೌಸ್. ಭಾನುವಾರ ಬಂದು ಇಳಿಯೋದು, ಮುಂದಿನ ಭಾನುವಾರ ರೂಮ್ ಖಾಲಿ ಮಾಡೋದು. ಅಷ್ಟರೊಳಗೆ ಮನೆ ಆಗಬೇಕು.

ಇದರಲ್ಲಿ ಇನ್ನೊಂದು ಗಂಟು ಇತ್ತು. ನಮ್ಮ ವೈನಿ, ಅಂದ್ರೆ ಅತ್ತಿಗೆ, ಒಂದು ಖಾಸಗಿ ಬ್ಯಾಂಕಿನಲ್ಲಿದ್ದಾರೆ. ಅವರೂ ಅಲ್ಲಿ ಇಲ್ಲಿ ಓಡಾಡಿ ವರ್ಗ ಮಾಡಿಸಿಕೊಂಡರು, ಸಿಕ್ಕಿದ್ದು ಜಯನಗರ ನಾಲ್ಕನೇ ಬ್ಲಾಕಿನ ಶಾಖೆ. ಮಗಳು ಎರಡನೇ ಕ್ಲಾಸು. ಶಾಲೆ ಮುಗಿದ ಮೇಲೆ ಡೇಕೇರ್, ಅದು ಸಂಜೆ ಏಳಕ್ಕೆ ಬಾಗಿಲು ಹಾಕುತ್ತೆ. ವೈನಿ ಬರುವ ಮೊದಲೇ ಫೋನಿನಲ್ಲಿ ನೇರವಾಗಿ ಹೇಳಿದ್ದರು: "ಏಳರೊಳಗ ನಾ ಮುಟ್ಟಲಿಕ್ಕೆ ಆಗದಿದ್ರ ನಾ ನೌಕರಿ ಬಿಡಬೇಕಾಗತದ. ಅದನ್ನ ನೆನಪಿಟ್ಟು ಮನಿ ಹುಡುಕ್ರಿ." ಸೋ, ಹುಡುಕುತ್ತಿದ್ದದ್ದು ಮನೆ, ಆದರೆ ಪಣಕ್ಕಿದ್ದದ್ದು ಒಂದು ಸಂಬಳ.

ಮೊದಲ ತಪ್ಪು ನಂದೇ, ಅದನ್ನ ಮೊದಲೇ ಹೇಳಿಬಿಡ್ತೀನಿ. ಬೆಂಗಳೂರಲ್ಲಿ ಏಳು ವರ್ಷದಿಂದ ಇದ್ದೀನಿ ಅನ್ನೋ ಜಂಬದಲ್ಲಿ ಅವರು ಬರುವ ಮೊದಲೇ ಒಂಬತ್ತು ಮನೆಗಳಿಗೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೆ, ಎಲ್ಲಾ ಸೋಮವಾರಕ್ಕೆ. ನೀಲಾದ್ರಿ ನಗರದಲ್ಲಿ ಎರಡು, ಸರ್ಜಾಪುರ ರಸ್ತೆಯಲ್ಲಿ ಮೂರು, ಬಿಟಿಎಂನಲ್ಲಿ ಎರಡು, ಜೆ.ಪಿ. ನಗರದಲ್ಲಿ ಎರಡು. ಭಾನುವಾರ ಮಧ್ಯಾಹ್ನ ಅಣ್ಣನ ಜೊತೆ ಕಾರಲ್ಲಿ ಒಂದು ಸುತ್ತು ಹೊಡೆದಾಗ ಎಲ್ಲಾ ಹತ್ತಿರ ಅನ್ನಿಸ್ತು. ಸೋಮವಾರ ನಾಲ್ಕು ಮನೆ ನೋಡೋಷ್ಟರಲ್ಲಿ ಕತ್ತಲಾಯ್ತು. ಭಾನುವಾರ ಇಪ್ಪತ್ತು ನಿಮಿಷ ಹಿಡಿದಿದ್ದ ಸಿಲ್ಕ್ ಬೋರ್ಡ್ ಕಡೆಯ ದಾರಿ ಸೋಮವಾರ ಸಂಜೆ ಒಂದು ಗಂಟೆ ಹತ್ತು ನಿಮಿಷ ತಿಂದಿತು. ಅಣ್ಣ ಕಾರಿನಲ್ಲಿ ಕೂತು ಏನೂ ಮಾತಾಡಲಿಲ್ಲ. ಅದು ಬೈದದ್ದಕ್ಕಿಂತ ಜೋರಾಗಿತ್ತು.

ಆ ರಾತ್ರಿ ಪ್ಲಾನ್ ತಿರುಗಿಸಿ ಹಾಕಿದೆವು. ಮನೆಯಿಂದ ಶುರು ಮಾಡೋದು ಬೇಡ, ಆಫೀಸಿನ ಬಾಗಿಲಿನಿಂದ ಶುರು ಮಾಡೋಣ ಅಂತ. ಎರಡು ಬಾಗಿಲು: ಅಣ್ಣನ ಆಫೀಸು, ವೈನಿಯ ಶಾಖೆ. ಈ ಎರಡರ ನಡುವೆ ಏನು ಓಡುತ್ತೆ ಅನ್ನೋದೇ ಮೊದಲ ಪ್ರಶ್ನೆ.

ಇಲ್ಲಿ ಅವರ ಅದೃಷ್ಟ ಚೆನ್ನಾಗಿತ್ತು. 2025ರ ಆಗಸ್ಟ್‌ನಲ್ಲಿ ಮೆಟ್ರೋ ಹಳದಿ ಮಾರ್ಗ ಶುರುವಾಯ್ತಲ್ಲ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ, ಸುಮಾರು 19 ಕಿಲೋಮೀಟರ್, 16 ನಿಲ್ದಾಣ. ಅದು ಎಲೆಕ್ಟ್ರಾನಿಕ್ ಸಿಟಿ ಮೇಲೇ ಹೋಗುತ್ತೆ. ಅಣ್ಣನ ಆಫೀಸಿಗೆ ಹತ್ತಿರದ ನಿಲ್ದಾಣ ಕೋನಪ್ಪನ ಅಗ್ರಹಾರ, ಅಲ್ಲಿಂದ ಹನ್ನೆರಡು ನಿಮಿಷ ನಡಿಗೆ. ಇನ್ನೊಂದು ತುದಿಯ ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗ ಸೇರುತ್ತೆ, ಅಲ್ಲಿಂದ ಒಂದೇ ನಿಲ್ದಾಣಕ್ಕೆ ಜಯನಗರ. ಅಂದ್ರೆ ಇಬ್ಬರ ಕೆಲಸದ ಜಾಗ ಹೆಚ್ಚುಕಮ್ಮಿ ಒಂದೇ ದಾರದಲ್ಲಿ ಪೋಣಿಸಿದ ಹಾಗಿದೆ. ಮನೆ ಆ ದಾರದ ಪಕ್ಕದಲ್ಲೇ ಇರಬೇಕು. ಈ ಒಂದು ತೀರ್ಮಾನದಿಂದ ಸರ್ಜಾಪುರ ರಸ್ತೆಯ ಮೂರೂ ಮನೆ ಹೋದವು. ನಕ್ಷೆಯಲ್ಲಿ ಸರ್ಜಾಪುರ ರಸ್ತೆ ಎಲೆಕ್ಟ್ರಾನಿಕ್ ಸಿಟಿಗೆ ಪಕ್ಕದ್ದೇ ಅನ್ನಿಸುತ್ತೆ, ಆದರೆ ಅಲ್ಲಿ ಮೆಟ್ರೋ ಓಡ್ತಿಲ್ಲ, ಅಡ್ಡರಸ್ತೆಗಳಲ್ಲೇ ಹೋಗಬೇಕು, ಜಯನಗರ ಅಂತೂ ಇನ್ನೊಂದು ದಿಕ್ಕು. ಹೊಸ ಊರಲ್ಲಿ ಕಿಲೋಮೀಟರ್ ನೋಡಿ ಮನೆ ಹಿಡಿಯೋರು ಸಿಕ್ಕಿಬೀಳೋದು ಇಲ್ಲೇ.

ಪ್ರಯಾಣದ ಸಮಯ ಅಳೆಯೋದು ಹೇಗೆ? ಮ್ಯಾಪ್ಸ್ ತೆರೆದು ಈಗ ಎಷ್ಟು ನಿಮಿಷ ಅಂತ ನೋಡಿದ್ರೆ ಈಗಿನದ್ದು ಮಾತ್ರ ತೋರಿಸುತ್ತೆ. ಗೂಗಲ್ ಮ್ಯಾಪ್ಸ್‌ನಲ್ಲಿ ಸಮಯ ಬದಲಿಸೋ ಆಯ್ಕೆ ಇದೆ, `Depart at` ಮತ್ತು `Arrive by` ಅಂತ. ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಆಫೀಸು ಮುಟ್ಟಬೇಕು ಅಂತ ಹಾಕಿ. ಕಾರಿನ ದಾರಿಗೆ ಅದು ಒಂದು ಅಂದಾಜಿನ ವ್ಯಾಪ್ತಿ ಕೊಡುತ್ತೆ, ಇಷ್ಟರಿಂದ ಇಷ್ಟು ಅಂತ. ಎರಡರಲ್ಲಿ ದೊಡ್ಡ ಸಂಖ್ಯೆಯನ್ನೇ ಬರ್ಕೊಳ್ಳಿ. ಸಣ್ಣದು ನಿಮಗೆ ರಜೆ ದಿನ ಮಾತ್ರ ಸಿಗೋದು. ಆಮೇಲೆ ಸಂಜೆ ವಾಪಸ್ ದಾರಿಯನ್ನೂ ಪ್ರತ್ಯೇಕವಾಗಿ ನೋಡಿ, ಬೆಳಗ್ಗೆಗೂ ಸಂಜೆಗೂ ಒಂದೇ ಇರಲ್ಲ.

ಮೆಟ್ರೋಗೆ ಇನ್ನೊಂದು ರೀತಿ. ರೈಲಿನೊಳಗಿನ ಸಮಯ ಪಕ್ಕಾ, ಆದರೆ ರೈಲಿನ ಹೊರಗಿನ ಸಮಯ ಯಾರೂ ಲೆಕ್ಕ ಹಿಡಿಯಲ್ಲ. ಮನೆ ಬಾಗಿಲಿಂದ ನಿಲ್ದಾಣ, ಮೆಟ್ಟಿಲು, ಬ್ಯಾಗ್ ತಪಾಸಣೆಯ ಸಾಲು, ಪ್ಲಾಟ್‌ಫಾರ್ಮಿನಲ್ಲಿ ಕಾಯೋದು, ಇಳಿದ ಮೇಲೆ ನಡಿಗೆ. ಹಳದಿ ಮಾರ್ಗ ಶುರುವಾದಾಗ ರೈಲು ಸೆಟ್‌ಗಳು ಕಡಿಮೆ ಇದ್ದವು, 25 ನಿಮಿಷಕ್ಕೊಂದು ಓಡ್ತಿತ್ತು, ಆಮೇಲೆ ಹೊಸ ರೈಲು ಸೇರಿದ ಹಾಗೆ ಅಂತರ ಇಳಿಯಿತು. ಹಾಗಾಗಿ ನೀವು ನೋಡೋ ದಿನದ ಅಂತರವನ್ನ ನಿಲ್ದಾಣದಲ್ಲೇ ನಿಂತು ನೋಡಬೇಕು. ಮಂಗಳವಾರ ಬೆಳಗ್ಗೆ ನಾವು ಮಾಡಿದ್ದು ಅದೇ. ಎಂಟೂ ಕಾಲಿಗೆ ರಾಗಿಗುಡ್ಡ ನಿಲ್ದಾಣದಿಂದ ಎಂಟು ನಿಮಿಷ ದೂರದ ಒಂದು ಬೇಕರಿ ಮುಂದೆ ನಿಂತು, ಗಡಿಯಾರ ಶುರು ಮಾಡಿ, ಅಣ್ಣನ ಆಫೀಸಿನ ಗೇಟಿನವರೆಗೆ ಹೋದೆವು. ಐವತ್ತೈದು ನಿಮಿಷ. ಅದರಲ್ಲಿ ರೈಲಿನೊಳಗೆ ಅರ್ಧಕ್ಕಿಂತ ಕಡಿಮೆ. ಅಣ್ಣ ಡೈರಿಯಲ್ಲಿ ಬರ್ಕೊಂಡ. ಒಂದು ಮುಂಜಾನೆ ಖರ್ಚಾಯ್ತು, ಮನೆ ಒಂದೂ ನೋಡಲಿಲ್ಲ, ಆದರೆ ಇಡೀ ವಾರದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮುಂಜಾನೆ ಅದು.

ಇಷ್ಟಾದ ಮೇಲೆ ಏರಿಯಾ ಮೂರಕ್ಕೆ ಬಂತು. ಒಂದು, ಆಫೀಸಿನ ಪಕ್ಕದಲ್ಲೇ, ನೀಲಾದ್ರಿ ನಗರ, ದೊಡ್ಡತೋಗೂರು ಕಡೆ. ಅಪಾರ್ಟ್‌ಮೆಂಟ್‌ಗಳು ಜಾಸ್ತಿ, ಅಣ್ಣ ನಡೆದೇ ಹೋಗಬಹುದು. ಎರಡು, ದಾರಿಯ ನಡುವೆ, ಸಿಂಗಸಂದ್ರ, ಕೂಡ್ಲು ಗೇಟ್, ಹೊಂಗಸಂದ್ರ, ಬಿಟಿಎಂ. ಮೂರು, ಆ ತುದಿ, ರಾಗಿಗುಡ್ಡದ ಸುತ್ತ, ಅಂದ್ರೆ ಜಯನಗರ ಒಂಬತ್ತನೇ ಬ್ಲಾಕು, ಜೆ.ಪಿ. ನಗರದ ಮೂರನೇ ಹಂತ. ಹಳೇ ಬಡಾವಣೆ, ಮರ, ಶಾಲೆ, ಮಾರ್ಕೆಟ್ಟು, ಆದರೆ ಬಾಡಿಗೆ ಮೇಲೆ. ನಡುವಿನ ಭಾಗದಲ್ಲಿ ಎಲ್ಲೆಲ್ಲೂ ಕಡಿಮೆ ಬಾಡಿಗೆ ಸಿಗುತ್ತೆ, ಆದರೆ ಹೊಸೂರು ರಸ್ತೆಯ ಎರಡೂ ಬದಿಯ ಒಳರಸ್ತೆಗಳಲ್ಲಿ ಬೀದಿಯಿಂದ ಬೀದಿಗೆ ವ್ಯತ್ಯಾಸ ಇದೆ, ಒಂದು ವಾರದಲ್ಲಿ ಹೊಸಬರು ಅದನ್ನ ಅರ್ಥ ಮಾಡಿಕೊಳ್ಳೋದು ಕಷ್ಟ. ಅದಕ್ಕೇ ಆ ನಡುವಿನ ಪಟ್ಟಿಯಲ್ಲಿ ಬಿಟಿಎಂ ಎರಡನೇ ಹಂತ ಒಂದನ್ನ ಮಾತ್ರ ಇಟ್ಕೊಂಡ್ವಿ. ಸರಿಯೋ ತಪ್ಪೋ, ಏಳು ದಿನ ಇದ್ದಾಗ ಕೆಲವು ಬಾಗಿಲುಗಳನ್ನ ನೋಡದೇನೇ ಮುಚ್ಚಬೇಕಾಗುತ್ತೆ.

ಈಗ ಫೋನು. ಆನ್‌ಲೈನ್‌ನಲ್ಲಿ ಫೋಟೋ ನೋಡಿ ಹೋಗೋ ಬದಲು ಫೋನಿನಲ್ಲೇ ಅರ್ಧ ಜನರನ್ನ ಸೋಸಬಹುದು. ನಾವು ಕೇಳ್ತಿದ್ದ ಪ್ರಶ್ನೆ ನಾಲ್ಕೇ. ಮನೆ ಈಗ ಖಾಲಿ ಇದೆಯಾ, ಯಾವ ತಾರೀಕಿಗೆ ಕೊಡ್ತೀರಾ? ಅಡ್ವಾನ್ಸ್ ಎಷ್ಟು? ನೀರು ಕಾವೇರಿಯೋ, ಬೋರೋ, ಟ್ಯಾಂಕರ್ರೋ? ಮಾಂಸಾಹಾರಕ್ಕೆ ಅಭ್ಯಂತರ ಇದೆಯಾ? ಕೊನೇದನ್ನ ಕೇಳೋಕೆ ಅಣ್ಣನಿಗೆ ಮುಜುಗರ. ಆದರೆ ಅವರು ಭಾನುವಾರ ಕೋಳಿ ಮಾಡೋರು, ಟೋಕನ್ ಕೊಟ್ಟ ಮೇಲೆ ಈ ಮಾತು ಬಂದ್ರೆ ಎರಡೂ ಕಡೆ ಕಸಿವಿಸಿ. ಹದಿನೇಳು ಫೋನಿನಲ್ಲಿ ಐದು ಕಡೆ ಈ ಪ್ರಶ್ನೆಗೇ ಮಾತು ಮುಗೀತು. ಬೇಜಾರಾಗುತ್ತೆ, ಸುಳ್ಳು ಹೇಳಲ್ಲ. ಆದರೆ ಐದು ಮನೆಗೆ ಆಟೋ ಹತ್ತಿ ಹೋಗೋದು ತಪ್ಪಿತು.

ಅಡ್ವಾನ್ಸ್ ವಿಷಯ ಬಂದಾಗ ಅಣ್ಣ ಕೇಳಿದ ಮಾತು ನಂಗೆ ಇನ್ನೂ ನಗು ತರಿಸುತ್ತೆ: "ಲೇ ತಮ್ಮಾ, ಹತ್ತ್ ತಿಂಗಳದ್ದ ಅಡ್ವಾನ್ಸ್ ಕೇಳ್ತಾರಲ್ಲೋ, ನಾವು ಮನಿ ಬಾಡಿಗಿಗೆ ಕೇಳೀವೋ, ಖರೀದಿಗೆ ಕೇಳೀವೋ?" ಬೆಂಗಳೂರಿನ ಹಳೇ ರೂಢಿ ಹತ್ತು ತಿಂಗಳು. ಈಗ ಐದು, ಆರು ತಿಂಗಳಿಗೆ ಒಪ್ಪೋ ಮಾಲೀಕರೂ ಸಿಗ್ತಾರೆ, ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೂ ಕಡಿಮೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಅನ್ನುತ್ತೆ, ಅದು ಹೆಸರೇ ಹೇಳೋ ಹಾಗೆ ಮಾದರಿ, ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಜಾರಿ. ಅದನ್ನ ತೋರಿಸಿ ಮಾಲೀಕರ ಜೊತೆ ವಾದ ಮಾಡಿದ್ರೆ ಮನೆ ಸಿಗಲ್ಲ. ಚೌಕಾಸಿ ಮಾಡಿದ್ರೆ ಸಿಗುತ್ತೆ.

ಒಂದು ಎಚ್ಚರಿಕೆ. ಬುಧವಾರ ಒಬ್ಬರು ಫೋನ್ ಮಾಡಿದ್ರು. ತಾವು ಸೇನೆಯಲ್ಲಿರೋದು, ಬೇರೆ ಊರಿಗೆ ಪೋಸ್ಟಿಂಗ್ ಆಗಿದೆ, ಜಯನಗರದ ಫ್ಲಾಟು ಹದಿನೆಂಟು ಸಾವಿರಕ್ಕೆ ಕೊಡ್ತೀವಿ, ನೋಡೋಕೆ ಬರೋ ಮೊದಲು ಗೇಟ್ ಪಾಸಿಗೆ ಅಂತ ಐದು ಸಾವಿರ ಹಾಕಿ, ಆಮೇಲೆ ವಾಪಸ್ ಬರುತ್ತೆ ಅಂತ. ಗುರುತಿನ ಚೀಟಿಯ ಫೋಟೋ ಕೂಡ ಕಳಿಸಿದ್ರು. ಇದು ಹಳೇ ಮೋಸ. ಗುರುತು ಹಿಡಿಯೋದು ಸುಲಭ: ಬಾಡಿಗೆ ಆ ಬೀದಿಗಿಂತ ತುಂಬಾ ಕಡಿಮೆ, ಮಾಲೀಕರು ಊರಲ್ಲಿಲ್ಲ, ಬಾಗಿಲು ತೆಗೆಯೋ ಮೊದಲು ದುಡ್ಡು. ಈ ಮೂರೂ ಒಟ್ಟಿಗೆ ಬಂದ್ರೆ ಫೋನ್ ಇಟ್ಟುಬಿಡಿ. ಮನೆಯೊಳಗೆ ನಿಂತು ನೋಡದೆ ಒಂದು ರೂಪಾಯಿನೂ ಬೇಡ. ಹಾಗೇ "ಲೀಸ್‌ಗೆ, ಬಾಡಿಗೆ ಇಲ್ಲ, ಹದಿನೈದು ಲಕ್ಷ ಕೊಟ್ಟು ಇರಿ" ಅನ್ನೋ ಬೋರ್ಡುಗಳೂ ಕಣ್ಣಿಗೆ ಬಿದ್ದವು. ಆ ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಮಾಲೀಕರು ಕಟ್ಟದೇ ಹೋದ್ರೆ ನಿಮ್ಮ ಹದಿನೈದು ಲಕ್ಷ ಗಾಳಿಯಲ್ಲಿ. ಋಣಭಾರ ಪ್ರಮಾಣಪತ್ರ ತೆಗೆಸಿ, ವಕೀಲರಿಗೆ ತೋರಿಸಿ ಮಾಡೋ ಕೆಲಸ ಅದು. ಒಂದು ವಾರದಲ್ಲಿ ಮಾಡೋದಲ್ಲ.

ಮಂಗಳವಾರ ಮಧ್ಯಾಹ್ನದಿಂದ ಗುರುವಾರದವರೆಗೆ ಒಟ್ಟು ಹನ್ನೊಂದು ಮನೆ ನೋಡಿದ್ವಿ. ದಿನಕ್ಕೆ ನಾಲ್ಕು, ಒಂದು ದಿನಕ್ಕೆ ಒಂದೇ ಏರಿಯಾ. ನಾಲ್ಕಕ್ಕಿಂತ ಜಾಸ್ತಿ ನೋಡಿದ್ರೆ ರಾತ್ರಿ ಕೂತಾಗ ಯಾವ ಅಡುಗೆಮನೆ ಯಾವ ಮನೇದು ಅಂತ ಕಲಸಿಹೋಗುತ್ತೆ. ಪ್ರತಿ ಮನೆ ಬಾಗಿಲಲ್ಲೂ ಮೊದಲು ಹೊರಗಿನ ಬಾಗಿಲಿನ ನಂಬರಿನ ಫೋಟೋ, ಆಮೇಲೆ ಒಳಗಿನ ಫೋಟೋ. ಈ ಚಿಕ್ಕ ಅಭ್ಯಾಸದಿಂದ ಗ್ಯಾಲರಿ ತಾನಾಗೇ ಬೇರೆಬೇರೆಯಾಗುತ್ತೆ.

ಒಳಗೆ ಏನು ನೋಡಬೇಕು ಅಂತ ಉದ್ದ ಪಟ್ಟಿ ಬೇಕಾದ್ರೆ ಎಲ್ಲಾ ಕಡೆ ಸಿಗುತ್ತೆ. ನನ್ನ ಪ್ರಕಾರ ಬೆಂಗಳೂರಲ್ಲಿ ಎರಡು ವಿಷಯಕ್ಕೆ ಸಮಯ ಕೊಡಬೇಕು, ನೀರು ಮತ್ತು ಕರೆಂಟಿನ ಮೀಟರು.

ನೀರಿನ ಬಗ್ಗೆ ಮಾಲೀಕರನ್ನ ಕೇಳಿದ್ರೆ "ನೀರಿಗೆ ತೊಂದ್ರೆನೇ ಇಲ್ಲ" ಅನ್ನೋ ಉತ್ತರ ಬಾಯಿಪಾಠ. 2024ರ ಬೇಸಿಗೆ ನೆನಪಿದೆಯಲ್ಲ, ಫೆಬ್ರವರಿ, ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಒಣಗಿ ಊರೆಲ್ಲಾ ಟ್ಯಾಂಕರ್ ಹಿಂದೆ ಓಡಿತ್ತು. ಅದಕ್ಕೆ ಪ್ರಶ್ನೆ ಹೀಗೆ ಕೇಳಿ: "2024ರ ಮಾರ್ಚಿನಲ್ಲಿ ಈ ಬಿಲ್ಡಿಂಗಿಗೆ ವಾರಕ್ಕೆ ಎಷ್ಟು ಟ್ಯಾಂಕರ್ ಬಂತು?" ಇದನ್ನ ಮಾಲೀಕರಿಗಲ್ಲ, ಪಕ್ಕದ ಮನೆಯವರಿಗೆ, ವಾಚ್‌ಮನ್‌ಗೆ, ಎದುರಿನ ಇಸ್ತ್ರಿ ಅಂಗಡಿಯವರಿಗೆ ಕೇಳಿ. ಬಿಟಿಎಂನ ಒಂದು ಮನೆ ಎಲ್ಲಾ ರೀತಿಯಲ್ಲೂ ಚೆನ್ನಾಗಿತ್ತು. ಇಸ್ತ್ರಿ ಅಂಗಡಿಯ ಅಜ್ಜ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಹೇಳಿದ್ರು, "ಆ ಬಿಲ್ಡಿಂಗಾ? ಬೇಸಿಗೇಲಿ ಬೆಳಗಿನ ಜಾವ ನಾಲ್ಕಕ್ಕೇ ಟ್ಯಾಂಕರ್ ಸದ್ದು ಶುರು." ಕಾವೇರಿ ಸಂಪರ್ಕ ಇದೆ ಅಂದ್ರೆ ಜಲಮಂಡಳಿಯ ಬಿಲ್ ತೋರಿಸಿ ಅನ್ನಿ. ಇದ್ದೋರು ತೋರಿಸ್ತಾರೆ. ಬಿಲ್ ಇದ್ದರೂ ಹಲವು ಕಡೆ ಕಾವೇರಿ ನೀರು ದಿನ ಬಿಟ್ಟು ದಿನ ಬರೋದು, ಸಂಪ್ ದೊಡ್ಡದಿದ್ಯಾ ಅನ್ನೋದೂ ಮುಖ್ಯ.

ಮೀಟರ್ ಯಾಕೆ ಅಂದ್ರೆ, ಗೃಹಜ್ಯೋತಿ. ತಿಂಗಳಿಗೆ 200 ಯೂನಿಟ್ ಒಳಗಿನ ಬಳಕೆಗೆ ಇರೋ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತೆ, ಆದರೆ ನಿಮ್ಮ ಮನೆಗೆ ಪ್ರತ್ಯೇಕ ಮೀಟರ್ ಇರಬೇಕು. ಎಷ್ಟೋ ಸ್ವತಂತ್ರ ಮನೆಗಳಲ್ಲಿ ಮೇಲಿನ ಮನೆಗೂ ಕೆಳಗಿನ ಮನೆಗೂ ಸೇರಿ ಒಂದೇ ಬೆಸ್ಕಾಂ ಮೀಟರ್, ಒಳಗೊಂದು ಖಾಸಗಿ ಸಬ್‌ಮೀಟರ್ ಹಾಕಿ ಯೂನಿಟ್‌ಗೆ ಇಷ್ಟು ಅಂತ ಮಾಲೀಕರೇ ವಸೂಲಿ ಮಾಡ್ತಾರೆ. ಕರೆಂಟ್ ಬಿಲ್ ಒಂದು ಕೇಳಿ ಫೋಟೋ ತಗೊಳ್ಳಿ. ಅದರಲ್ಲಿ ಆರ್.ಆರ್. ನಂಬರ್, ಹೆಸರು, ವಿಳಾಸ ಇರುತ್ತೆ. ಬಾಡಿಗೆ ಕೇಳ್ತಿರೋ ವ್ಯಕ್ತಿಗೂ ಮನೆಗೂ ನಿಜವಾಗಿ ಸಂಬಂಧ ಇದೆಯಾ ಅಂತ ನೋಡೋಕೂ ಅದೇ ಮೊದಲ ಕಾಗದ. ಹುಬ್ಬಳ್ಳಿಯ ಮನೆಯ ಹೆಸ್ಕಾಂ ನಂಬರಿಗೆ ಅಣ್ಣನ ಆಧಾರ್ ಜೋಡಣೆಯಾಗಿತ್ತು, ಅದನ್ನ ಬಿಡಿಸಿದ ಮೇಲೇ ಇಲ್ಲಿ ಹೊಸದಾಗಿ ಅರ್ಜಿ.

ಗುರುವಾರ ರಾತ್ರಿ ಗೆಸ್ಟ್ ಹೌಸ್‌ನಲ್ಲಿ ಕೂತು ಪಟ್ಟಿ ಸೋಸಿದ್ವಿ. ಇಲ್ಲಿ ನನ್ನ ಬಿ.ಕಾಂ ಸ್ವಲ್ಪ ಕೆಲಸಕ್ಕೆ ಬಂತು ಅಂತ ಹೇಳ್ಕೊಳ್ತೀನಿ. ಎರಡು ಮನೆ ಉಳಿದಿದ್ದವು. ನೀಲಾದ್ರಿ ನಗರದ ಫ್ಲಾಟ್: ಬಾಡಿಗೆ 24,000, ನಿರ್ವಹಣಾ ವೆಚ್ಚ 3,500, ಅಡ್ವಾನ್ಸ್ 1,20,000. ರಾಗಿಗುಡ್ಡದ ಹತ್ತಿರ ಜೆ.ಪಿ. ನಗರದ ಮೊದಲ ಮಹಡಿ: ಬಾಡಿಗೆ 27,000, ನೀರಿಗೆ 300, ಅಡ್ವಾನ್ಸ್ ಕೇಳಿದ್ದು ಹತ್ತು ತಿಂಗಳು, ಅಂದ್ರೆ 2,70,000. ಅಣ್ಣ ತಕ್ಷಣ ಅಂದ, "ಅದು 27,500, ಇದು 27,300. ಎರಡೂ ಒಂದ. ಜೆ.ಪಿ. ನಗರದ್ದ ಹಿಡಿಯೋಣು."

ಒಂದಲ್ಲ. ಅಡ್ವಾನ್ಸ್ ವಾಪಸ್ ಬರುತ್ತೆ ನಿಜ, ಆದರೆ ಆ ದುಡ್ಡು ಅಷ್ಟು ದಿನ ಬ್ಯಾಂಕಿನಲ್ಲಿದ್ದಿದ್ರೆ ಬಡ್ಡಿ ಬರ್ತಿತ್ತು. ವರ್ಷಕ್ಕೆ ಶೇಕಡಾ 7 ಅಂತ ಹಿಡಿದ್ರೆ 1,20,000ಕ್ಕೆ ತಿಂಗಳಿಗೆ 700 ರೂಪಾಯಿ, 2,70,000ಕ್ಕೆ 1,575. ಆಮೇಲೆ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು ಇಲ್ಲಿನ ರೂಢಿ. ಎರಡು ವರ್ಷ ಇರ್ತಾರೆ ಅಂದ್ಕೊಂಡ್ರೆ ಅದನ್ನ 24ರಿಂದ ಭಾಗಿಸಿ: ಮೊದಲ ಮನೆಗೆ 1,000, ಎರಡನೇದಕ್ಕೆ 1,125. ಇನ್ನು ಪ್ರಯಾಣ. ನೀಲಾದ್ರಿಯಿಂದ ಅಣ್ಣನಿಗೆ ಸೊನ್ನೆ, ವೈನಿಗೆ ಮೆಟ್ರೋಗೆ 2,500 ಇಟ್ಟೆವು. ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಉಚಿತವಾಗಿ ಹೋಗಬಹುದು, ಆದರೆ ಸಂಜೆ ಸಿಲ್ಕ್ ಬೋರ್ಡ್ ದಾಟಿ ಏಳರೊಳಗೆ ಮುಟ್ಟೋದು ಬಸ್ಸಿನ ಕೈಯಲ್ಲಿಲ್ಲ. ರಾಗಿಗುಡ್ಡದಿಂದ ಅಣ್ಣನ ಮೆಟ್ರೋ ದಿನಕ್ಕೆ 120 ಅಂತ ಜಾಸ್ತಿಯೇ ಹಿಡಿದು 22 ದಿನಕ್ಕೆ 2,640, ವೈನಿಯ ಸ್ಕೂಟರ್ ಪೆಟ್ರೋಲಿಗೆ 600.

ಎಲ್ಲಾ ಕೂಡಿಸಿದ್ರೆ ನೀಲಾದ್ರಿ 31,700. ಜೆ.ಪಿ. ನಗರ 33,240. ಅಂದ್ರೆ ಮೇಲ್ನೋಟಕ್ಕೆ 200 ರೂಪಾಯಿ ಅಗ್ಗ ಕಂಡ ಮನೆ ನಿಜವಾಗಿ ತಿಂಗಳಿಗೆ 1,540 ದುಬಾರಿ.

ಅಣ್ಣನ ಮುಖ ನೀಲಾದ್ರಿ ಕಡೆ ತಿರುಗಿತು. ಸಹಜ, ಅವನು ಹನ್ನೆರಡು ನಿಮಿಷ ನಡೆದು ಆಫೀಸು ಮುಟ್ತಾನೆ. ಆಗ ವೈನಿ ಹಾಳೆ ತಗೊಂಡು ಇನ್ನೊಂದು ಕಾಲಮ್ ಹಾಕಿದ್ರು: ಡೇಕೇರ್ ಮುಟ್ಟುವ ಸಮಯ. ಶಾಖೆಯಿಂದ ಹೊರಡೋದು ಆರಕ್ಕೆ. ನೀಲಾದ್ರಿಗೆ ನಡಿಗೆ, ಹಸಿರು ಮಾರ್ಗ, ಬದಲಾವಣೆ, ಹಳದಿ ಮಾರ್ಗ, ಆಟೋ ಎಲ್ಲಾ ಸೇರಿ ಒಂದೂ ಕಾಲು ಗಂಟೆ. ಏಳೂ ಕಾಲು. ಜೆ.ಪಿ. ನಗರಕ್ಕೆ ಸ್ಕೂಟರಲ್ಲಿ ಇಪ್ಪತ್ತೈದು ನಿಮಿಷ. ಆರೂ ಇಪ್ಪತ್ತೈದು. ಅಂಕೆ ಬರೆದು ಪೆನ್ ಕೆಳಗಿಟ್ಟು ಅವರು ಏನೂ ಹೇಳಲಿಲ್ಲ. ಒಟ್ಟು ಪ್ರಯಾಣದ ಸಮಯ ಕೂಡಿಸಿದ್ರೆ ಎರಡು ಮನೆಗೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಆ ಸಮಯ ಯಾರ ಪಾಲಿಗೆ ಬೀಳುತ್ತೆ ಅನ್ನೋದರಲ್ಲಿ ವ್ಯತ್ಯಾಸ ಇತ್ತು. ನನ್ನ ಶೀಟಿನಲ್ಲಿ ಆ ಕಾಲಮ್ಮೇ ಇರಲಿಲ್ಲ.

ಆದ್ರೂ ತಕ್ಷಣ ಹೂಂ ಅನ್ನಲಿಲ್ಲ. ಹಗಲು ನೋಡಿದ ಮನೆಯನ್ನ ರಾತ್ರಿ ನೋಡಬೇಕು. ಶುಕ್ರವಾರ ರಾತ್ರಿ ಎಂಟಕ್ಕೆ ಹೇಳದೇ ಹೋದ್ವಿ. ಮಾಲೀಕರನ್ನ ಕರೀಲಿಲ್ಲ, ಬೀದಿಯಲ್ಲಿ ಅರ್ಧ ಗಂಟೆ ನಿಂತ್ವಿ ಅಷ್ಟೇ. ಬೀದಿದೀಪ ಉರಿಯುತ್ತಾ, ಸ್ಕೂಟರ್ ನಿಲ್ಲಿಸೋಕೆ ಜಾಗ ಉಳಿಯುತ್ತಾ, ಪಕ್ಕದ ಕಲ್ಯಾಣಮಂಟಪದ ಸ್ಪೀಕರ್ ಎಲ್ಲಿವರೆಗೆ ಕೇಳುತ್ತೆ. ಕಲ್ಯಾಣಮಂಟಪ ಇತ್ತು, ಹಗಲಲ್ಲಿ ನಾವು ಗಮನಿಸಿರಲಿಲ್ಲ. ಮುಹೂರ್ತದ ದಿನ ಗದ್ದಲ ಖಾತ್ರಿ. ತಗ್ಗಿನ ರಸ್ತೆಯಾ ಅಂತ ನೋಡೋಕೆ ಪಕ್ಕದ ಕಟ್ಟಡದ ಕಾಂಪೌಂಡ್ ಗೋಡೆ ನೋಡಿದ್ವಿ. ಮಳೆನೀರು ನಿಂತ ಕಡೆ ಗೋಡೆ ಮೇಲೆ ಕೆಸರಿನ ಗೆರೆ ಉಳಿದಿರುತ್ತೆ, ಸುಣ್ಣ ಬಳಿದ್ರೂ ಕೆಳಗಿನ ಒಂದಡಿ ಉಬ್ಬಿರುತ್ತೆ. ಅಲ್ಲಿ ಇರಲಿಲ್ಲ.

ಶನಿವಾರ ಬೆಳಗ್ಗೆ ಚೌಕಾಸಿ. ಮಾಲೀಕರು ನಿವೃತ್ತ ಮೇಷ್ಟ್ರು. ಬಾಡಿಗೆಯಲ್ಲಿ ಒಂದು ರೂಪಾಯಿ ಬಿಡಲ್ಲ ಅಂದ್ರು. ಬಾಡಿಗೆ ಬಿಡದೋರು ಅಡ್ವಾನ್ಸ್‌ನಲ್ಲಿ ಬಿಡ್ತಾರೆ, ಯಾಕಂದ್ರೆ ಅದು ಅವರ ಆದಾಯ ಅಲ್ಲ, ಭದ್ರತೆ. ಆ ಭದ್ರತೆಯನ್ನ ಬೇರೆ ರೀತಿ ಕೊಡಬಹುದು: ವೈನಿ ಇಬ್ಬರ ಸಂಬಳದ ಸ್ಲಿಪ್ಪು, ಕಂಪನಿಯ ವರ್ಗಾವಣೆ ಪತ್ರ ತೋರಿಸಿದ್ರು. ಆರು ತಿಂಗಳಿಗೆ ಒಪ್ಪಿದ್ರು, 1,62,000. ಬಡ್ಡಿ ಲೆಕ್ಕ 1,575ರಿಂದ 945ಕ್ಕೆ ಇಳಿಯಿತು, ಒಟ್ಟು 32,610. ನೀಲಾದ್ರಿಗಿಂತ ಜಾಸ್ತಿ ತಿಂಗಳಿಗೆ 910 ರೂಪಾಯಿ. ವೈನಿಯ ನೌಕರಿ ಉಳಿಯೋಕೆ.

ಆದರೆ ಆ ದಿನ ಕೈಯಿಂದ ಹೋಗೋ ದುಡ್ಡು ಬೇರೆ ಲೆಕ್ಕ, ಅದಕ್ಕೆ ಮೊದಲೇ ಸಿದ್ಧ ಇರಿ. ಅಡ್ವಾನ್ಸ್ 1,62,000, ಮೊದಲ ತಿಂಗಳ ಬಾಡಿಗೆ 27,000, ಬ್ರೋಕರ್‌ಗೆ ಒಂದು ತಿಂಗಳು 27,000. ಒಟ್ಟು 2,16,000, ಹುಬ್ಬಳ್ಳಿಯಿಂದ ಲಾರಿ ಇನ್ನೂ ಹೊರಟೇ ಇಲ್ಲ.

ಕರಾರು ಹನ್ನೊಂದು ತಿಂಗಳದ್ದು. ಎಲ್ಲರೂ ಯಾಕೆ ಹನ್ನೊಂದೇ ಬರೀತಾರೆ ಅಂದ್ರೆ, ಒಂದು ವರ್ಷ ಮೀರಿದ ಗುತ್ತಿಗೆಯನ್ನ ನೋಂದಣಿ ಮಾಡಿಸಲೇಬೇಕು ಅಂತ ನೋಂದಣಿ ಕಾಯ್ದೆ ಹೇಳುತ್ತೆ. ಡ್ರಾಫ್ಟಿನಲ್ಲಿ ಎರಡು ಸಾಲು ನಾವು ತಿದ್ದಿಸಿದ್ವಿ. ಪೇಂಟಿಂಗ್‌ಗೆ "ಮಾಲೀಕರು ನಿರ್ಧರಿಸಿದ ಮೊತ್ತ" ಅಂತ ಇದ್ದದ್ದನ್ನ ಒಂದು ತಿಂಗಳ ಬಾಡಿಗೆಗೆ ಮೀರದಂತೆ ಅಂತ, ಮತ್ತೆ ಅಡ್ವಾನ್ಸ್ ವಾಪಸ್ "ಖಾಲಿ ಮಾಡಿದ ನಂತರ" ಅಂತ ಇದ್ದದ್ದನ್ನ ಬೀಗದ ಕೈ ಕೊಟ್ಟ ದಿನವೇ ಅಂತ. ಜೊತೆಗೆ ಮಾಲೀಕರ ಪ್ಯಾನ್ ನಂಬರ್ ಅವತ್ತೇ ಬರೆಸಿಕೊಂಡ್ವಿ. ಅಣ್ಣ ಹಳೇ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳ್ತಾನೆ, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದ್ರೆ ಮಾಲೀಕರ ಪ್ಯಾನ್ ಬೇಕು. ಮಾರ್ಚಿನಲ್ಲಿ ಕೇಳಿದ್ರೆ ಕೆಲವು ಮಾಲೀಕರು ಫೋನೇ ಎತ್ತಲ್ಲ.

ಮೇಷ್ಟ್ರು ಸಹಿ ಹಾಕಿ, ಬೀಗದ ಕೈ ಕೊಟ್ಟು, ಮಾಂಸದ ಮಾತು ಇನ್ನೊಮ್ಮೆ ತೆಗೆದ್ರು: "ಭಾನುವಾರ ಕೋಳಿ ಮಾಡಿದ್ರೆ ಅಡುಗೆಮನೆ ಕಿಟಕಿ ನಮ್ಮ ಕಡೆಯದ್ದು ಮುಚ್ಚಿ, ಹಿಂದಿನದ್ದು ತೆಗೀರಿ." ವೈನಿ ಆ ಕಿಟಕಿ ಯಾವುದು ಅಂತ ಮೇಲೆ ಹೋಗಿ ನೋಡ್ಕೊಂಡು ಬಂದ್ರು.